ಚಾರ್ಟ್‌ನಲ್ಲಿ 44 ಹನಿ ಅಂತ ಸರಿಯಾಗಿಯೇ ಇತ್ತು, ಬಾಟಲ್ ಮಾತ್ರ ಅರ್ಧ ಖಾಲಿ. ಡ್ರಿಪ್ ಲೆಕ್ಕ ನೀವು ಹೇಗೆ ನೋಡ್ತೀರಿ?

ರಾತ್ರಿಪಾಳಿ_ಹಾಸನ · ಬೆಳಗ್ಗೆ 10:12

ಹಾಸನದ ಒಂದು ನರ್ಸಿಂಗ್ ಹೋಮ್‌ನಲ್ಲಿ ಕೆಲಸ. ಹೆಸರು ಬೇಡ. ಮೊನ್ನೆ ರಾತ್ರಿ 8ಕ್ಕೆ ಡ್ಯೂಟಿ ತಗೊಂಡೆ. ಮಕ್ಕಳ ವಾರ್ಡ್‌ನಲ್ಲಿ ಎರಡೂವರೆ ವರ್ಷದ ಮಗು, ವಾಂತಿ ಭೇದಿ, ಜ್ವರ. ಚಾರ್ಟ್‌ನಲ್ಲಿ ತೂಕ 12 ಕೆಜಿ, ಫ್ಲೂಯಿಡ್ 44 ಹನಿ. ಸಂಜೆಯ ಸಿಸ್ಟರ್ ಹ್ಯಾಂಡ್‌ಓವರ್ ಕೊಡುವಾಗಲೂ "44 ಹೋಗ್ತಿದೆ" ಅಂದರು. ನಾನು ಗಡಿಯಾರ ಹಿಡಿದು 15 ಸೆಕೆಂಡ್ ಎಣಿಸಿದೆ, 11 ಹನಿ. ಅಂದರೆ 44. ಚಾರ್ಟ್‌ಗೆ ಸಹಿ ಹಾಕಿ ಮುಂದಿನ ಬೆಡ್‌ಗೆ ಹೊರಟಿದ್ದೆ.

ತಿರುಗಿದಾಗ ಬಾಟಲ್ ಕಣ್ಣಿಗೆ ಬಿತ್ತು. 6 ಗಂಟೆಗೆ ಹಾಕಿದ ಹೊಸ 500ರ ಬಾಟಲ್, 200ಕ್ಕೂ 250ಕ್ಕೂ ನಡುವೆ ಬಂದು ನಿಂತಿದೆ. ಎರಡು ಗಂಟೆಯಲ್ಲಿ 88 ಎಂಎಲ್ ಹೋಗಬೇಕಿತ್ತು, ಹೋಗಿದ್ದು 260ರ ಮೇಲೆ.

ಮೊದಲು ಕ್ಲ್ಯಾಂಪ್ ಮುಚ್ಚಿದೆ. ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡಿದೆ. ಮಗುವಿನ ಉಸಿರು ಎಣಿಸಿದೆ, ಕಣ್ಣಿನ ರೆಪ್ಪೆ ಊದಿದೆಯಾ ನೋಡಿದೆ. ಪುಣ್ಯಕ್ಕೆ ಏನೂ ಇರಲಿಲ್ಲ. ಸಂಜೆ ಕ್ಯಾನುಲಾ ಔಟ್ ಆಗಿ ಬೇರೆ ಲೈನ್ ಹಾಕಿದ್ದರಂತೆ. ಮೈಕ್ರೋ ಸೆಟ್ ಸ್ಟಾಕ್ ಇರಲಿಲ್ಲ, ಮಾಮೂಲಿ ಸೆಟ್ ಹಾಕಿದರಂತೆ. ಚಾರ್ಟ್‌ನಲ್ಲಿದ್ದ ಹನಿ ಮಾತ್ರ ಹಾಗೇ ಉಳಿದಿತ್ತು.

ಅದೇ ಚಾರ್ಟ್‌ನ ಮುಂದಿನ ಸಾಲಲ್ಲಿ "ಪ್ಯಾರಾಸಿಟಮಾಲ್ ಐವಿ 180, 6 ಗಂಟೆಗೊಮ್ಮೆ" ಅಂತ ಇತ್ತು. 180 ಏನು ಅಂತ ಇಲ್ಲ.

ನನ್ನ ಪ್ರಶ್ನೆ ಇಷ್ಟೇ. ಹನಿ, ಎಂಎಲ್, ಕೆಜಿ ಲೆಕ್ಕ ನೀವೆಲ್ಲ ಯಾವುದರಿಂದ ಶುರು ಮಾಡಿ ತಾಳೆ ನೋಡ್ತೀರಿ? ನಾನು ಕಲಿತ ರೀತಿಯಲ್ಲಿ ನೋಡಿದರೆ ಆ ಚಾರ್ಟ್ ಪಾಸ್.

ಜಿಎನ್‌ಎಂ_ಎರಡನೇ_ವರ್ಷ · 10:31

ಅಕ್ಕ, ಮಾಮೂಲಿ ಸೆಟ್ ಅಂದರೆ 1 ಎಂಎಲ್‌ಗೆ 15 ಹನಿ ಅಲ್ವಾ? ಹಾಗಾದರೆ 44 ಎಂಎಲ್‌ಗೆ ನಿಮಿಷಕ್ಕೆ 11 ಹನಿ ಬಿಡಬೇಕಿತ್ತು. ನಮಗೆ ಕ್ಲಾಸಲ್ಲಿ ನಾಲ್ಕರಿಂದ ಭಾಗಿಸಿ ಅಂತ ಹೇಳಿಕೊಟ್ಟಿದ್ದಾರೆ.

ಸಕಲೇಶಪುರ_ಸಿಸ್ಟರ್ · 10:48

15 ಅಲ್ಲಮ್ಮ, 20. ಪ್ಯಾಕೆಟ್ ಮೇಲೆ ಬರೆದಿರುತ್ತೆ. ಮೂರರಿಂದ ಭಾಗಿಸು.

ಜಿಎನ್‌ಎಂ_ಎರಡನೇ_ವರ್ಷ · 10:50

ನಮ್ಮ ನೋಟ್ಸ್‌ನಲ್ಲಿ 15 ಇದೆ ಅಕ್ಕ. ಪರೀಕ್ಷೆಯಲ್ಲೂ 15 ಹಾಕಿಯೇ ಮಾರ್ಕ್ಸ್ ಬಂತು.

ಮೂಡಿಗೆರೆ_ಕಾಫಿತೋಟ · 11:05

ಡ್ರಿಪ್ ಲೆಕ್ಕ ಅಂತ ನೋಡಿ ಬಂದೆ. ನಮ್ಮಲ್ಲಿ ಗಂಟೆಗೆ 4 ಲೀಟರ್‌ನ ಡ್ರಿಪ್ಪರ್ ಹಾಕಿದ್ದೇವೆ. ಲೈನ್ ಕೊನೆಯ ಗಿಡಗಳಿಗೆ ನೀರು ಕಡಿಮೆ ಬರುತ್ತಿದೆ. ಪ್ರೆಶರ್ ಸಮಸ್ಯೆ ಇರಬಹುದಾ?

ಸಕಲೇಶಪುರ_ಸಿಸ್ಟರ್ · 11:07

ಅಣ್ಣ, ಇದು ಆಸ್ಪತ್ರೆ ಡ್ರಿಪ್ 😄

ಮೂಡಿಗೆರೆ_ಕಾಫಿತೋಟ · 11:15

ಅಯ್ಯೋ, ಈಗ ಪೂರ್ತಿ ಓದಿದೆ. ಕ್ಷಮಿಸಿ. ಆದರೂ ಒಂದು ಮಾತು. ನಾವು ಡ್ರಿಪ್ಪರ್ ಮೇಲೆ ಬರೆದ ನಂಬರನ್ನು ನಂಬಲ್ಲ. ಕೆಳಗೆ ಡಬ್ಬಿ ಇಟ್ಟು ಕಾಲು ಗಂಟೆ ಹಿಡಿದು ನೋಡ್ತೇವೆ. 1 ಲೀಟರ್ ಬಂದರೆ ಸರಿ. ನಿಮ್ಮಲ್ಲೂ ಹಾಗೆ ನೋಡಬಹುದಲ್ಲ?

ಹಳೇ_ಇನ್‌ಚಾರ್ಜ್ · ಮಧ್ಯಾಹ್ನ 12:40

ತೋಟದವರು ದಾರಿ ತಪ್ಪಿ ಬಂದು ಸರಿಯಾದ ಮಾತು ಹೇಳಿದ್ದಾರೆ.

ನಾನು ಮಕ್ಕಳ ವಾರ್ಡ್‌ನಲ್ಲಿ ಬಹಳ ವರ್ಷ ಇನ್‌ಚಾರ್ಜ್ ಆಗಿದ್ದವಳು, ಈಗ ರಿಟೈರ್ಡ್. ರಾತ್ರಿಪಾಳಿ ಸಿಸ್ಟರ್, ನೀವು ಹನಿ ಎಣಿಸಿದ್ದರಲ್ಲಿ ತಪ್ಪಿಲ್ಲ. ಆದರೆ ನೀವು ಚಾರ್ಟ್‌ನ ನಂಬರನ್ನು ಅದೇ ನಂಬರ್ ಜೊತೆ ಹೋಲಿಸಿದಿರಿ. 44 ಬರೆದಿದೆ, 44 ಬೀಳುತ್ತಿದೆ, ಆಯಿತು. ಆ ಹನಿ ಎಷ್ಟು ದಪ್ಪ ಅನ್ನುವುದು ಚಾರ್ಟ್‌ನಲ್ಲಿ ಇಲ್ಲವೇ ಇಲ್ಲ.

ಈ 44 ಎಲ್ಲಿಂದ ಬಂತು ನೋಡಿ. ಮೊದಲ 10 ಕೆಜಿಗೆ ಗಂಟೆಗೆ ಕೆಜಿಗೆ 4 ಎಂಎಲ್, 40 ಆಯಿತು. ಮೇಲಿನ 2 ಕೆಜಿಗೆ ಕೆಜಿಗೆ 2 ಎಂಎಲ್, 4 ಆಯಿತು. ಒಟ್ಟು ಗಂಟೆಗೆ 44 ಎಂಎಲ್. ಡಾಕ್ಟರ್ ಯೋಚನೆ ಮಾಡಿದ್ದು ಎಂಎಲ್‌ನಲ್ಲಿ. ಮೈಕ್ರೋ ಸೆಟ್‌ನಲ್ಲಿ 1 ಎಂಎಲ್‌ಗೆ 60 ಹನಿ, ಗಂಟೆಗೆ 60 ನಿಮಿಷ. 60ಕ್ಕೆ 60 ಹೊಡೆದು ಹೋಗುತ್ತದೆ. ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ. ಮಕ್ಕಳ ವಾರ್ಡ್‌ನವರಿಗೆ ಈ ಸುಖ ಅಭ್ಯಾಸ ಆಗಿ ಹೋಗಿರುತ್ತದೆ. ಹನಿ ಅಂದರೂ ಎಂಎಲ್ ಅಂದರೂ ಒಂದೇ ಅನ್ನಿಸಲು ಶುರುವಾಗುತ್ತದೆ. ಸೆಟ್ ಬದಲಾದ ದಿನ ಇದೇ ಅಭ್ಯಾಸ ಕೈಕೊಡುತ್ತದೆ.

20 ಹನಿಯ ಸೆಟ್‌ನಲ್ಲಿ ಅದೇ 44 ಹನಿ ಬಿಟ್ಟರೆ ಗಂಟೆಗೆ 132 ಎಂಎಲ್. ಮೂರು ಪಟ್ಟು. ಬಿಡಬೇಕಿದ್ದದ್ದು 15 ಹನಿ.

ಆ ಹುಡುಗಿಗೆ ಒಂದು ಮಾತು. 15ರ ಸೆಟ್ ಪುಸ್ತಕದಲ್ಲಿ ಇರುವುದು ಸುಳ್ಳಲ್ಲ, ಹೊರದೇಶಗಳಲ್ಲಿ 10, 15ರ ಸೆಟ್‌ಗಳಿವೆ. ನಮ್ಮ ಕೈಗೆ ಬರುವ ಮಾಮೂಲಿ ಸೆಟ್ ಬಹುತೇಕ 20ರದ್ದು. ಈ ಕೇಸ್‌ನಲ್ಲಿ ಬಾಟಲ್ಲೇ ಸಾಕ್ಷಿ ಹೇಳುತ್ತಿದೆ. 15ರ ಸೆಟ್ ಆಗಿದ್ದರೆ ಗಂಟೆಗೆ 176, ಎರಡು ಗಂಟೆಗೆ 352 ಹೋಗಿ ಬಾಟಲ್‌ನಲ್ಲಿ 150 ಉಳಿಯುತ್ತಿತ್ತು. ಉಳಿದದ್ದು 235ರ ಹತ್ತಿರ. ಹಾಗಾಗಿ ಅದು 20ರ ಸೆಟ್.

ಜಿಎನ್‌ಎಂ_ಎರಡನೇ_ವರ್ಷ · 12:52

ಓ. ಬಾಟಲ್ ನೋಡಿ ಸೆಟ್ ಹೇಳಬಹುದು ಅಂತ ಹೊಳೆದೇ ಇರಲಿಲ್ಲ. ಪ್ಯಾಕೆಟ್ ಬಿಸಾಕಿದ ಮೇಲೆ ಬೇರೆ ಹೇಗೆ ಗೊತ್ತಾಗುತ್ತೆ ಮೇಡಂ?

ಸಕಲೇಶಪುರ_ಸಿಸ್ಟರ್ · 12:58

ಚೇಂಬರ್ ಒಳಗೆ ನೋಡು. ಮೈಕ್ರೋದಲ್ಲಿ ಹನಿ ಬೀಳುವ ಜಾಗದಲ್ಲಿ ಸಣ್ಣ ಸ್ಟೀಲ್ ಸೂಜಿ ಇರುತ್ತೆ. ಮಾಮೂಲಿಯಲ್ಲಿ ಅಗಲ ಬಾಯಿ. ರಾತ್ರಿ ಟಾರ್ಚ್ ಬಿಟ್ಟರೆ ಸಾಕು, ಒಂದು ಸಲ ನೋಡಿದರೆ ಮರೆಯಲ್ಲ.

ಐಸಿಯು_ಹುಡುಗ · 1:20

ಈ ಕಾಲದಲ್ಲೂ ಹನಿ ಎಣಿಸ್ತಾ ಕೂತಿದ್ದೀರಾ? ಪಂಪ್ ಹಾಕಿ, ರೇಟ್ ಒತ್ತಿ, ಮುಗೀತು. ನಮ್ಮ ಐಸಿಯುನಲ್ಲಿ ಈ ತಲೆನೋವೇ ಇಲ್ಲ.

ಅರಸೀಕೆರೆ_ಬಿಎಸ್ಸಿ_ನರ್ಸ್ · 1:26

12 ಬೆಡ್‌ಗೆ ಒಂದು ಪಂಪ್ ಇದೆ ನಮ್ಮಲ್ಲಿ. ಅದೂ ಚಾರ್ಜ್ ನಿಲ್ಲಲ್ಲ. ಕಳಿಸಿಕೊಡ್ತೀರಾ ಸರ್?

ಹಳೇ_ಇನ್‌ಚಾರ್ಜ್ · 1:45

ಪಂಪ್ ಒಳ್ಳೆಯದೇ. ಆದರೆ ಅದು ನೀವು ಒತ್ತಿದ್ದನ್ನು ನಂಬುತ್ತದೆ. 4.5ರ ಬದಲು 45 ಒತ್ತಿದರೆ ಅದು 45ನ್ನೇ ಬಹಳ ನಿಷ್ಠೆಯಿಂದ ಕೊಡುತ್ತದೆ, ಬೀಪ್ ಕೂಡ ಮಾಡದೆ. 60 ಕೆಜಿಯ ರೋಗಿಗೆ ಡೋಪಮಿನ್ 200 ಎಂಜಿಯನ್ನು 50 ಎಂಎಲ್‌ಗೆ ಕಲೆಸಿ, ಕೆಜಿಗೆ ನಿಮಿಷಕ್ಕೆ 5 ಮೈಕ್ರೋಗ್ರಾಂ ಬೇಕು ಅಂದರೆ ಗಂಟೆಗೆ 4.5 ಎಂಎಲ್ ಬರುತ್ತದೆ. ಆ ಲೆಕ್ಕವನ್ನು ನೀವೇ ಒಮ್ಮೆ ಕಾಗದದ ಮೇಲೆ ಮಾಡದೆ ಹಿಂದಿನ ಪಾಳಿಯ ರೇಟ್ ನೋಡಿ ಒತ್ತಿದ್ದೀರಾ ಎಂದಾದರೂ?

ಐಸಿಯು_ಹುಡುಗ · 1:58

... ಒತ್ತಿದ್ದೀನಿ ಮೇಡಂ.

ರಾತ್ರಿಪಾಳಿ_ಹಾಸನ · 2:10

ಮೇಡಂ, ಹಾಗಾದರೆ ಯಾವ ಕಡೆಯಿಂದ ನೋಡಬೇಕು?

ಹಳೇ_ಇನ್‌ಚಾರ್ಜ್ · 2:55

ಊಟ ಮುಗಿಸಿ ಬಂದೆ. ನಾನು ಮಾಡುತ್ತಿದ್ದದ್ದು ಹೇಳುತ್ತೇನೆ, ಬೇರೆಯವರದ್ದು ಬೇರೆ ಇರಬಹುದು.

ನಾನು ಚಾರ್ಟ್ ಮುಚ್ಚಿಟ್ಟು ಬೆಡ್‌ನಿಂದ ಶುರು ಮಾಡುತ್ತಿದ್ದೆ. ಯಾವ ಸೆಟ್? ನಿಮಿಷಕ್ಕೆ ಎಷ್ಟು ಹನಿ? ಅದರಿಂದ ಗಂಟೆಗೆ ಎಷ್ಟು ಎಂಎಲ್? ಬಾಟಲ್ ಹಾಕಿದ ಗಂಟೆಯಿಂದ ಈಗಿನ ತನಕ ಅಷ್ಟು ಇಳಿದಿದೆಯಾ? ಇಷ್ಟಾದ ಮೇಲೆ ಚಾರ್ಟ್ ತೆಗೆದು ಡಾಕ್ಟರ್ ಬರೆದ ಎಂಎಲ್ ಜೊತೆ ತಾಳೆ ನೋಡುತ್ತಿದ್ದೆ. ಚಾರ್ಟ್ ಮೊದಲು ನೋಡಿದರೆ ಕಣ್ಣು ಅದೇ ನಂಬರ್ ಹುಡುಕುತ್ತದೆ. 42 ಬಿದ್ದರೂ 44 ಅಂತ ಎಣಿಸುತ್ತೇವೆ.

ಮತ್ತೆ 15 ಸೆಕೆಂಡ್ ಎಣಿಸಿ ನಾಲ್ಕು ಪಟ್ಟು ಮಾಡುವುದು ಅವಸರಕ್ಕೆ ಸರಿ. ಒಂದು ಹನಿ ತಪ್ಪಿದರೆ ನಿಮಿಷಕ್ಕೆ 4 ಹನಿ ತಪ್ಪುತ್ತದೆ. ಮೈಕ್ರೋದಲ್ಲಿ ಅದು ಗಂಟೆಗೆ 4 ಎಂಎಲ್. ಮಾಮೂಲಿ ಸೆಟ್‌ನಲ್ಲಿ 12 ಎಂಎಲ್. 15 ಹನಿ ಬಿಡಬೇಕಾದ ಕಡೆ ಪೂರ್ತಿ ಒಂದು ನಿಮಿಷ ಎಣಿಸಿ.

ಇನ್ನೊಂದು, ಬಾಟಲ್ ಎಷ್ಟು ಗಂಟೆಗೆ ಖಾಲಿಯಾಗಬೇಕು ಅಂತ ಲೆಕ್ಕ ಹಾಕಿ. ಗಂಟೆಗೆ 44ರಂತೆ 500 ಎಂಎಲ್‌ಗೆ 11 ಗಂಟೆ 20 ನಿಮಿಷ ಬೇಕು. 6ಕ್ಕೆ ಹಾಕಿದ್ದು ಬೆಳಗಿನ ಜಾವ 5:20ರ ತನಕ ಬರಬೇಕು. 132ರಂತೆ ಹೋದರೆ ರಾತ್ರಿ ಹತ್ತಕ್ಕೆ ಮುಂಚೆಯೇ ಖಾಲಿ. ಬಾಟಲ್‌ಗೆ ಉದ್ದಕ್ಕೆ ಒಂದು ಪ್ಲಾಸ್ಟರ್ ಪಟ್ಟಿ ಅಂಟಿಸಿ ಗಂಟೆ ಗುರುತು ಹಾಕಿ. ತಾಯಿಗೆ ತೋರಿಸಿ, "ಇದು 8ರ ಗೆರೆ, ಅದಕ್ಕಿಂತ ಮೊದಲೇ ಕೆಳಗೆ ಹೋದರೆ ಕೂಗಮ್ಮ" ಅನ್ನಿ. ರಾತ್ರಿಯೆಲ್ಲ ಬಾಟಲ್ ನೋಡುತ್ತಾ ಕೂರುವುದು ಅವಳೇ ತಾನೆ.

ಬೇಲೂರಿನ_ಅಮ್ಮ · 3:20

ನಾನು ನರ್ಸ್ ಅಲ್ಲ. ನನ್ನ ಮಗ ಹೋದ ಮಳೆಗಾಲದಲ್ಲಿ ಅಡ್ಮಿಟ್ ಆಗಿದ್ದಾಗ ಡ್ರಿಪ್ ನಿಂತೇ ಹೋಗಿತ್ತು. ಅವನು ಕೈ ಮಡಚಿ ಮಲಗಿದ್ದ. ನಾನೇ ಆ ಚಕ್ರ ತಿರುಗಿಸಿ ಜೋರು ಮಾಡಿದೆ. ಸಿಸ್ಟರ್ ಬಂದು ಬೈದರು. ಆಗ ಸಿಟ್ಟು ಬಂದಿತ್ತು. ಇದನ್ನು ಓದಿದ ಮೇಲೆ ಯಾಕೆ ಬೈದರು ಅಂತ ತಿಳಿಯಿತು.

ಸಕಲೇಶಪುರ_ಸಿಸ್ಟರ್ · 3:24

ಹೌದಮ್ಮ, ಮಗು ಕೈ ನೀಡಿದ ತಕ್ಷಣ ನೀವು ತಿರುಗಿಸಿದ್ದೂ ಸೇರಿ ಜೋರಾಗಿ ಓಡಿರುತ್ತೆ. ಮುಂದೆ ಕೂಗಿ ಸಾಕು, ಮುಟ್ಟಬೇಡಿ.

ಅರಸೀಕೆರೆ_ಬಿಎಸ್ಸಿ_ನರ್ಸ್ · 3:40

ಎಲ್ಲರೂ ಹನಿಯಲ್ಲೇ ಮುಳುಗಿದ್ದೀರಿ. ಆ 180 ಬಗ್ಗೆ ಯಾರೂ ಮಾತಾಡಿಲ್ಲ! ನನಗೆ ಭಯ ಆಗಿದ್ದು ಅದೇ. ಫ್ಲೂಯಿಡ್ 175 ಎಂಎಲ್ ಜಾಸ್ತಿ ಹೋದರೆ 12 ಕೆಜಿಗೆ ಕೆಜಿಗೆ 15 ಎಂಎಲ್ ಆಯಿತು. ಭೇದಿ ಆದ ಮಗು ತಡೆದುಕೊಂಡಿತು. ಹಾರ್ಟ್ ತೊಂದರೆ ಇರುವ ಮಗುವೋ, ಬಾಟಲ್‌ಗೆ ಕೆಸಿಎಲ್ ಹಾಕಿದ್ದೋ ಆಗಿದ್ದರೆ ಕಥೆ ಬೇರೆ, ಅದು ಸರಿ. ಆದರೆ 180ನ್ನು ಯಾರಾದರೂ ಎಂಎಲ್ ಅಂದುಕೊಂಡರೆ?

ಐವಿ ಪ್ಯಾರಾಸಿಟಮಾಲ್ 1 ಎಂಎಲ್‌ನಲ್ಲಿ 10 ಎಂಜಿ. 12 ಕೆಜಿಗೆ ಕೆಜಿಗೆ 15 ಎಂಜಿಯಂತೆ 180 ಎಂಜಿ, ಅಂದರೆ 18 ಎಂಎಲ್. 100 ಎಂಎಲ್ ಬಾಟಲ್‌ನಲ್ಲಿ ಐದರಲ್ಲಿ ಒಂದು ಭಾಗವೂ ಅಲ್ಲ. ಬಾಟಲ್ ಪೂರ್ತಿ ಬಿಟ್ಟರೆ 1000 ಎಂಜಿ, ಕೆಜಿಗೆ 83. ಲಿವರ್‌ಗೆ ಹೊಡೆತ. ಎಂಜಿಯನ್ನು ಎಂಎಲ್ ಅಂತ ಓದಿ ಹತ್ತು ಪಟ್ಟು ಕೊಟ್ಟ ಕೇಸ್‌ಗಳು ಬೇರೆ ದೇಶಗಳಲ್ಲೂ ಆಗಿ, ಎಚ್ಚರಿಕೆ ಕೊಟ್ಟಿದ್ದಾರೆ. ದೊಡ್ಡವರಿಗೆ ಇಡೀ ಬಾಟಲ್ ನೇತುಹಾಕಿ ಅಭ್ಯಾಸ ಆದ ಕೈ ಮಕ್ಕಳ ವಾರ್ಡ್‌ಗೆ ಬಂದ ದಿನ ಇದು ಸುಲಭವಾಗಿ ಆಗುತ್ತದೆ.

ರಾತ್ರಿಪಾಳಿ_ಹಾಸನ · 4:02

ಅದನ್ನು ನಾನು ಡಾಕ್ಟರ್‌ಗೆ ಫೋನಲ್ಲೇ ಕೇಳಿದೆ. "180 ಎಂಜಿ ಸಿಸ್ಟರ್, ಇನ್ನೇನು" ಅಂದರು. ಬಂದಾಗ ಬರೆಸಿಕೊಂಡೆ. 18 ಎಂಎಲ್ ಬ್ಯೂರೆಟ್‌ಗೆ ತೆಗೆದು 15 ನಿಮಿಷಕ್ಕೆ ಬಿಟ್ಟೆ. ಬ್ಯೂರೆಟ್ ಸೆಟ್ ಒಂದು ಇತ್ತು, ಪುಣ್ಯ.

ಜಿಎನ್‌ಎಂ_ಎರಡನೇ_ವರ್ಷ · 4:06

18 ಎಂಎಲ್, 60 ಹನಿ, 15 ನಿಮಿಷ... ನಿಮಿಷಕ್ಕೆ 72 ಹನಿ. ಸರೀನಾ?

ಹಳೇ_ಇನ್‌ಚಾರ್ಜ್ · 4:15

ಸರಿ. ಆದರೆ 72 ಹನಿಯ ಎಣಿಕೆಯೊಂದನ್ನೇ ನಂಬಬೇಡ. ಬ್ಯೂರೆಟ್‌ನಲ್ಲಿ 18ಕ್ಕಿಂತ ಜಾಸ್ತಿ ಇಲ್ಲ ಅನ್ನುವುದೇ ಅಲ್ಲಿ ಭದ್ರತೆ. 5 ನಿಮಿಷಕ್ಕೆ 6 ಎಂಎಲ್ ಇಳಿಯಿತಾ ನೋಡು. ಮುಗಿದ ಮೇಲೆ ಟ್ಯೂಬ್‌ನಲ್ಲೇ ಒಂದಷ್ಟು ಔಷಧಿ ನಿಂತಿರುತ್ತದೆ. ಹಿಂದೆ ಸ್ವಲ್ಪ ಸಲೈನ್ ಬಿಟ್ಟು ತೊಳೆಯದಿದ್ದರೆ ಮಗುವಿಗೆ 18 ಹೋಗಿರುವುದಿಲ್ಲ, ಚಾರ್ಟ್‌ನಲ್ಲಿ ಮಾತ್ರ ಹೋಗಿರುತ್ತದೆ. ಮಾಮೂಲಿ ಫ್ಲೂಯಿಡ್‌ಗೂ ಬ್ಯೂರೆಟ್‌ನಲ್ಲಿ ಒಂದೆರಡು ಗಂಟೆಯದ್ದು ಮಾತ್ರ ತುಂಬಿ. ಕ್ಲ್ಯಾಂಪ್ ಪೂರ್ತಿ ಬಿಟ್ಟುಹೋದರೂ ಅಷ್ಟಕ್ಕೇ ನಿಲ್ಲುತ್ತದೆ.

ಅಂದ ಹಾಗೆ, 12 ಕೆಜಿ ಅಂತ ಯಾರು ಹೇಳಿದ್ದು?

ರಾತ್ರಿಪಾಳಿ_ಹಾಸನ · 4:20

ಅಡ್ಮಿಷನ್ ಶೀಟ್‌ನಲ್ಲಿ ಇತ್ತು ಮೇಡಂ. ತಾಯಿ ಹೇಳಿರಬೇಕು. ಇವತ್ತು ರಾತ್ರಿ ಹೋಗಿ ತೂಕ ಮಾಡ್ತೀನಿ.

ಅಂಗನವಾಡಿ_ಚನ್ನರಾಯಪಟ್ಟಣ · 5:10

ತಾಯಿ ಹೇಳುವ ತೂಕ ಅಂದರೆ ನಾವು ತಾಯಿ ಕಾರ್ಡ್‌ನಲ್ಲಿ ಬರೆದದ್ದು. ಅದು ಯಾವ ತಿಂಗಳದ್ದು ಅಂತಲೂ ಕೇಳಿ. ಜಾತ್ರೆ, ನೆಂಟರ ಮನೆ ಅಂತ ಎರಡು ಮೂರು ತಿಂಗಳು ಬರದ ಮಕ್ಕಳೂ ಇರುತ್ತವೆ. ಚಳಿಗಾಲದಲ್ಲಿ ಸ್ವೆಟರ್, ಟೋಪಿ ಸಮೇತ ತೂಗಿಸಿ ಅಂತ ಜಗಳಕ್ಕೇ ಬರ್ತಾರೆ.

ಐಸಿಯು_ಹುಡುಗ · 5:22

ಒಂದೂವರೆ ಕೆಜಿ ಆಚೆ ಈಚೆ ಆದರೆ ಏನು ಮಹಾ? ಫ್ಲೂಯಿಡ್ ಲೆಕ್ಕದಲ್ಲಿ ಎರಡು ಮೂರು ಎಂಎಲ್ ವ್ಯತ್ಯಾಸ ಅಷ್ಟೇ.

ಅರಸೀಕೆರೆ_ಬಿಎಸ್ಸಿ_ನರ್ಸ್ · 5:30

ಫ್ಲೂಯಿಡ್‌ಗೆ ಸರಿ ಸರ್, ಔಷಧಿಗೆ ಅಲ್ಲ.

ರಾತ್ರಿಪಾಳಿ_ಹಾಸನ · ರಾತ್ರಿ 9:35

ತೂಕ ಮಾಡಿದೆ. ಬರೀ ಚಡ್ಡಿಯಲ್ಲಿ, ಕೈಗೆ ಕಟ್ಟಿದ ಸ್ಪ್ಲಿಂಟ್ ಸಮೇತ 10.6. ಅದೇ ತರಹದ ಸ್ಪ್ಲಿಂಟ್ ಬೇರೆ ತೂಗಿ ಕಳೆದರೆ ಸುಮಾರು 10.4. ತಾಯಿ ಕಾರ್ಡ್‌ನಲ್ಲಿ 12 ಇದ್ದದ್ದು ಸ್ವೆಟರ್ ಹಾಕಿದ್ದಾಗಿನದ್ದಂತೆ.

ಹಳೇ_ಇನ್‌ಚಾರ್ಜ್ · 9:58

ನೋಡಿ, ಐಸಿಯು ತಮ್ಮ ಹೇಳಿದ್ದು ಅರ್ಧ ಸರಿ. 10 ಕೆಜಿ ದಾಟಿದ ಮೇಲೆ ಪ್ರತಿ ಕೆಜಿಗೆ 2 ಎಂಎಲ್ ಮಾತ್ರ ಸೇರುವುದರಿಂದ 10.4ಕ್ಕೆ 41 ಎಂಎಲ್ ಬರುತ್ತದೆ. 44ಕ್ಕೂ 41ಕ್ಕೂ ಏನು ಮಹಾ. ಅದಕ್ಕೇ ಫ್ಲೂಯಿಡ್ ಲೆಕ್ಕ ಎಷ್ಟು ತಾಳೆ ನೋಡಿದರೂ ತೂಕದ ತಪ್ಪು ಸಿಕ್ಕಿಬೀಳುವುದಿಲ್ಲ.

ಔಷಧಿಯಲ್ಲಿ ಅದು ನೇರವಾಗಿ ಕಾಣುತ್ತದೆ. ಕೊಡುತ್ತಿರುವ ಎಂಜಿಯನ್ನು ತೂಕದಿಂದ ಭಾಗಿಸಿ: 180ನ್ನು 10.4ರಿಂದ, ಕೆಜಿಗೆ 17.3. ದಿನಕ್ಕೆ ನಾಲ್ಕು ಸಲ ಅಂದರೆ ಕೆಜಿಗೆ 60ರ ಬದಲು 69. ಒಂದು ದಿನಕ್ಕೆ ಏನೂ ಆಗಲಿಕ್ಕಿಲ್ಲ. ಊಟ ಬಿಟ್ಟ ಮಗು, ಮೂರು ನಾಲ್ಕು ದಿನ, ಮನೆಯಲ್ಲೂ ಸಿರಪ್ ಕೊಟ್ಟಿದ್ದಾರೆ ಅಂದರೆ ಯೋಚನೆ ಮಾಡಬೇಕು. ಸರಿಯಾದ ಡೋಸ್ 156 ಎಂಜಿ, 15.6 ಎಂಎಲ್. ಡಾಕ್ಟರ್‌ಗೆ ಹೇಳಿ ಬದಲಾಯಿಸಿಕೊಳ್ಳಿ, ನೀವೇ ಹೊಡೆದು ಬರೆಯಬೇಡಿ.

ರಾತ್ರಿಪಾಳಿ_ಹಾಸನ · 10:20

ಹೇಳಿದೆ, ಬದಲಾಯಿಸಿದರು. ತೂಕದ ಪಕ್ಕ ತಾರೀಖು, "ಚಡ್ಡಿಯಲ್ಲಿ" ಅಂತಲೂ ಬರೆದೆ, ನಕ್ಕರು. ಫ್ಲೂಯಿಡ್ ಸಾಲಲ್ಲಿ ಹನಿ ಬೇಡ, ಗಂಟೆಗೆ ಎಷ್ಟು ಎಂಎಲ್ ಅಂತ ಬರೆಯಿರಿ ಸರ್, ಹನಿಯನ್ನು ಸೆಟ್ ನೋಡಿ ನಾವು ಪಕ್ಕದಲ್ಲಿ ಬರೀತೀವಿ ಅಂದೆ. ಈ ಮಗುವಿಗೆ ಒಪ್ಪಿದರು. ವಾರ್ಡ್‌ಗೆಲ್ಲ ಮಾಡಿ ಅಂದರೆ "ನೋಡೋಣ".

ಮೊನ್ನೆ ಆದದ್ದನ್ನು ರಿಪೋರ್ಟ್ ಬುಕ್‌ನಲ್ಲಿ ಬರೆಯಬೇಡ ಅಂತ ಮೇಲಿನವರು ಹೇಳಿದ್ದಾರೆ. ಅದೇ ಸಂಕಟ.

ಸಕಲೇಶಪುರ_ಸಿಸ್ಟರ್ · 10:31

ಬರೀಬೇಕು. ಬೈದರೂ ಬರೀಬೇಕು. ಸಂಜೆಯವಳ ಹೆಸರು ಬೇಡ, ಸೆಟ್ ಇಲ್ಲದ್ದನ್ನು ಬರೆ.

ಅರಸೀಕೆರೆ_ಬಿಎಸ್ಸಿ_ನರ್ಸ್ · 10:36

ಹೇಳೋದು ಸುಲಭ ಸಿಸ್ಟರ್. ಪ್ರೈವೇಟ್‌ನಲ್ಲಿ ನಾಳೆಯಿಂದ ಬರಬೇಡ ಅಂದರೆ? ಮತ್ತೆ ಎರಡನೇ ನರ್ಸ್ ಸಹಿ ಬೇಕು ಅಂತಾರೆ, ರಾತ್ರಿ ಇರೋದೇ ಒಬ್ಬಳು. ಎರಡನೇ ಸಹಿ ಆಯಾದಾ?

ಹಳೇ_ಇನ್‌ಚಾರ್ಜ್ · 10:50

ಅದಕ್ಕೆ ನನ್ನ ಹತ್ತಿರವೂ ಉತ್ತರ ಇಲ್ಲ. ಒಬ್ಬಳೇ ಇದ್ದಾಗ ನಾನು ಲೆಕ್ಕ ಮಾಡಿ, ಕಾಗದ ಮಡಚಿ ಜೇಬಿಗೆ ಹಾಕಿ, ಇನ್ನೊಂದು ಕೆಲಸ ಮುಗಿಸಿ ಬಂದು, ಮತ್ತೆ ಉಲ್ಟಾ ಕಡೆಯಿಂದ ಮಾಡುತ್ತಿದ್ದೆ. ಇಬ್ಬರು ಮಾಡಿದ ಹಾಗಂತೂ ಅಲ್ಲ.

ಜಿಎನ್‌ಎಂ_ಎರಡನೇ_ವರ್ಷ · ಮಾರನೇ ದಿನ, ಸಂಜೆ 6:15

ಇವತ್ತು ವಾರ್ಡ್ ಪೋಸ್ಟಿಂಗ್‌ನಲ್ಲಿ ತೋಟದ ಅಣ್ಣ ಹೇಳಿದ ಹಾಗೆ ಮಾಡಿದೆ. ಎಕ್ಸ್‌ಪೈರಿ ಆದ ಸಲೈನ್, ಹೊಸ ಮಾಮೂಲಿ ಸೆಟ್. ಸ್ಟೀಲ್ ಕಪ್‌ಗೆ 60 ಹನಿ ಬಿಟ್ಟು 5 ಎಂಎಲ್ ಸಿರಿಂಜ್‌ನಲ್ಲಿ ಎಳೆದೆ. 15ರ ಸೆಟ್ ಆಗಿದ್ದರೆ 4 ಬರಬೇಕಿತ್ತು. 3ಕ್ಕೆ ಒಂದು ಚೂರು ಕಡಿಮೆ ಬಂತು. ಪ್ಯಾಕೆಟ್ ಮೇಲೂ 20 ಅಂತ ಇದೆ.

ಈಗ ನಮ್ಮ ಮೇಡಂಗೆ ಇದನ್ನು ಹೇಗೆ ಹೇಳೋದು?

ಸಕಲೇಶಪುರ_ಸಿಸ್ಟರ್ · 6:22

ಬಾಯಲ್ಲಿ ಹೇಳಬೇಡ. ಪ್ಯಾಕೆಟ್ ಹಿಡಿದುಕೊಂಡು ಹೋಗಿ "ಡೌಟ್ ಇದೆ ಮೇಡಂ" ಅನ್ನು.

ಮೂಡಿಗೆರೆ_ಕಾಫಿತೋಟ · 6:40

ನನ್ನ ಲೈನ್ ಕೊನೆಯ ಗಿಡದಲ್ಲಿ ಕಾಲು ಗಂಟೆಗೆ 600 ಎಂಎಲ್ ಬಂತು. ಫಿಲ್ಟರ್ ಬಿಚ್ಚಿದೆ, ಒಳಗೆ ಪೂರ್ತಿ ಪಾಚಿ.